ನಡುರಾತ್ರಿಯ ಕೆಲಸ ನಡೆಯದಿದ್ದರೆ ತಿಳಿಸುವವರು ಯಾರು?

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರೊಬ್ಬರು ಡೇಟಾಬೇಸಿನ ಫೋಲ್ಡರ್ ಅಳಿಸುವ ಆಜ್ಞೆಯನ್ನು ತಪ್ಪು ಸರ್ವರ್‌ನಲ್ಲಿ ಕೊಟ್ಟುಬಿಟ್ಟರು. ಅಳಿಸಬೇಕಿದ್ದದ್ದು ನಕಲು ಪ್ರತಿ ಇದ್ದ ಎರಡನೇ ಸರ್ವರ್‌ನಲ್ಲಿ. ಅಳಿಸಿದ್ದು ಅಸಲು ಡೇಟಾಬೇಸ್ ಇದ್ದ ಮೊದಲನೆಯದರಲ್ಲಿ. ಒಂದೆರಡು ಸೆಕೆಂಡಿನಲ್ಲೇ ಅರಿವಾಗಿ ನಿಲ್ಲಿಸಿದರೂ, ಸುಮಾರು 300 ಜಿಬಿಯಷ್ಟಿದ್ದ ಡೇಟಾದಲ್ಲಿ ಉಳಿದಿದ್ದು 4.5 ಜಿಬಿ. ಲಕ್ಷಾಂತರ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣವದು.

ಇಂಥ ತಪ್ಪು ಯಾರ ಕೈಯಿಂದಲೂ ಆಗಬಹುದು. ಅದಕ್ಕೆಂದೇ ಬ್ಯಾಕಪ್ ಇರುವುದು. ಗಿಟ್‌ಲ್ಯಾಬ್‌ನಲ್ಲೂ ದಿನಕ್ಕೊಮ್ಮೆ ಡೇಟಾಬೇಸಿನ ಪೂರ್ತಿ ನಕಲು ತೆಗೆದು ಅಮೆಜಾನ್‌ನ ಸಂಗ್ರಹಕ್ಕೆ ಕಳಿಸುವ ವ್ಯವಸ್ಥೆ ಇತ್ತು. ಅಲ್ಲಿಗೆ ಹೋಗಿ ನೋಡಿದರೆ ಏನೂ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ನೇ ಆವೃತ್ತಿಯದು, ನಕಲು ತೆಗೆಯುವ `pg_dump` ಮಾತ್ರ 9.2ನೇ ಆವೃತ್ತಿಯದು. ಹಳೆಯ `pg_dump` ಹೊಸ ಡೇಟಾಬೇಸನ್ನು ಮುಟ್ಟುವುದಿಲ್ಲ, ದೋಷ ತೋರಿಸಿ ನಿಂತುಬಿಡುತ್ತದೆ. ಹಾಗಾಗಿ ಪ್ರತಿ ದಿನವೂ ಬ್ಯಾಕಪ್ ಶುರುವಾಗುತ್ತಿತ್ತು, ಪ್ರತಿ ದಿನವೂ ಅಲ್ಲೇ ನಿಲ್ಲುತ್ತಿತ್ತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದರ ನಂತರದ ಸಂಗತಿ. ಕೆಲಸ ವಿಫಲವಾದರೆ ಇಮೇಲ್ ಬರಬೇಕೆಂಬ ಏರ್ಪಾಡನ್ನೂ ಅವರು ಮಾಡಿಕೊಂಡಿದ್ದರು. ಸರ್ವರ್ ಇಮೇಲ್ ಕಳಿಸುತ್ತಲೂ ಇತ್ತು. ಆದರೆ ನಕಲಿ ಇಮೇಲ್ ತಡೆಯಲು ಇರುವ ಡಿಮಾರ್ಕ್ ಎಂಬ ದೃಢೀಕರಣ ಆ ಸಂದೇಶಗಳಿಗೆ ಇರಲಿಲ್ಲವಾದ್ದರಿಂದ, ಸ್ವೀಕರಿಸುವ ಕಡೆಯ ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಇನ್‌ಬಾಕ್ಸ್‌ನಲ್ಲಿ ದೂರು ಇಲ್ಲ, ಅಂದಮೇಲೆ ಬ್ಯಾಕಪ್ ಚೆನ್ನಾಗಿಯೇ ನಡೆಯುತ್ತಿದೆ ಎಂದು ಎಲ್ಲರೂ ನಂಬಿದ್ದರು. ಕೊನೆಗೆ ಕೈಹಿಡಿದದ್ದು, ಬೇರೆ ಯಾವುದೋ ಪ್ರಯೋಗಕ್ಕೆಂದು ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಡಿಸ್ಕ್‌ನ ಒಂದು ಪ್ರತಿ. ಆ ಆರು ಗಂಟೆಗಳಲ್ಲಿ ಸೇರಿದ್ದೆಲ್ಲ ಹೋಯಿತು. ಕಂಪನಿಯೇ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು 5000 ಪ್ರಾಜೆಕ್ಟ್‌ಗಳು, 5000 ಕಾಮೆಂಟ್‌ಗಳು, 700 ಹೊಸ ಖಾತೆಗಳಿಗೆ ಪೆಟ್ಟು ಬಿತ್ತು. ನಡೆದದ್ದನ್ನೆಲ್ಲ ಮುಚ್ಚಿಡದೆ ಅವರು ಬರೆದರು. ಅದರಿಂದಲೇ ನಾವು ಇಂದು ಕಲಿಯಲು ಸಾಧ್ಯವಾಗಿದೆ.

ಇಂಥ ಮೌನದ ವೈಫಲ್ಯವನ್ನು ಹಿಡಿಯುವ ಒಂದು ಸರಳ ಉಪಾಯವಿದೆ. ಅದಕ್ಕೆ ಹಾರ್ಟ್‌ಬೀಟ್ ತಪಾಸಣೆ ಎನ್ನುತ್ತಾರೆ. ಅಂಗಡಿಯ ಬಿಲ್ಲಿಂಗ್, ಶಾಲೆಯ ದಾಖಲೆ, ಸಂಘದ ಲೆಕ್ಕ, ಹೀಗೆ ಯಾವುದಾದರೂ ಒಂದು ಪುಟ್ಟ ಸರ್ವರ್ ನಿಮ್ಮ ಸುಪರ್ದಿಯಲ್ಲಿದ್ದರೆ ಇದು ಅರ್ಧ ಗಂಟೆಯ ಕೆಲಸ.

ಮೊದಲು ಕ್ರಾನ್ ಎಂದರೇನು ಎಂದು ನೋಡೋಣ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿದ್ದು, ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಆ ಹೊತ್ತಿಗೆ ಮಾಡಬೇಕಾದ ಕೆಲಸ ಪಟ್ಟಿಯಲ್ಲಿದ್ದರೆ ಅದನ್ನು ಶುರು ಮಾಡುವ ಪ್ರೋಗ್ರಾಮ್ ಅದು. 1979ರ ಯೂನಿಕ್ಸ್‌ನಲ್ಲೇ ಇತ್ತು. ಇಂದು ಬಹಳ ಕಡೆ ಬಳಕೆಯಲ್ಲಿರುವ ರೂಪ ಪಾಲ್ ವಿಕ್ಸಿ 1987ರಲ್ಲಿ ಬರೆದದ್ದರ ಸಂತತಿ. ಪಟ್ಟಿಯ ಒಂದೊಂದು ಸಾಲಿನಲ್ಲೂ ಮೊದಲು ಐದು ಅಂಕಣ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಅದರ ಮುಂದೆ ಮಾಡಬೇಕಾದ ಕೆಲಸ. `30 2 * * *` ಎಂದರೆ ಪ್ರತಿ ದಿನ ಬೆಳಗಿನ ಜಾವ ಎರಡೂವರೆಗೆ.

ಕ್ರಾನ್ ಬಹಳ ನಿಯತ್ತಿನ ಆಳು, ಆದರೆ ಅದರ ಜವಾಬ್ದಾರಿ ಕೆಲಸ ಶುರು ಮಾಡಿಸುವಲ್ಲಿಗೆ ಮುಗಿಯಿತು. ಕೆಲಸ ಏನಾಯಿತೆಂದು ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡೂವರೆಗೆ ಕರೆಂಟ್ ಹೋಗಿ ಯಂತ್ರ ಆರಿದ್ದರೆ, ಮೂರು ಗಂಟೆಗೆ ಎದ್ದಾಗ ತಪ್ಪಿದ ಕೆಲಸವನ್ನು ಮಾಡುವುದೂ ಇಲ್ಲ. ಮಾರನೆಯ ದಿನದ ಎರಡೂವರೆಗೆ ಕಾಯುತ್ತದೆ. ಕೆಲಸದಿಂದ ಹೊರಬಿದ್ದ ಸಂದೇಶಗಳನ್ನು ಇಮೇಲ್ ಮಾಡುವ ಶಕ್ತಿ ಅದಕ್ಕಿದೆ, ನಿಜ. ಆದರೆ ಅದಕ್ಕೆ ಆ ಯಂತ್ರದಲ್ಲೇ ಇಮೇಲ್ ರವಾನಿಸುವ ಪ್ರೋಗ್ರಾಮ್ ಇರಬೇಕು. ಇಂದು ಬಾಡಿಗೆಗೆ ಸಿಗುವ ಬಹುಪಾಲು ಕ್ಲೌಡ್ ಸರ್ವರ್‌ಗಳಲ್ಲಿ ಅದು ಇರುವುದಿಲ್ಲ. ಉಬುಂಟು ಸರ್ವರ್ ಒಂದರ ಲಾಗ್ ತೆರೆದು ನೋಡಿದರೆ ಈ ಸಾಲು ಕಣ್ಣಿಗೆ ಬೀಳುವುದುಂಟು:

```
(CRON) info (No MTA installed, discarding output)
```

ಇಮೇಲ್ ಕಳಿಸಲು ದಾರಿಯಿಲ್ಲ, ಆದ್ದರಿಂದ ಹೇಳಬೇಕಿದ್ದನ್ನು ಎಸೆಯುತ್ತಿದ್ದೇನೆ ಎಂದು ಕ್ರಾನ್ ಇಲ್ಲಿ ಬರೆದಿಟ್ಟಿದೆ. ಬ್ಯಾಕಪ್ ಏಕೆ ಆಗಲಿಲ್ಲ ಎಂಬ ವಿವರ ಆ ಎಸೆದ ಸಂದೇಶದಲ್ಲೇ ಇದ್ದಿರಬಹುದು.

ಇಮೇಲ್ ದಾರಿ ಸರಿಯಾಗಿದ್ದರೂ ಒಂದು ಮೂಲಭೂತ ತೊಡಕು ಉಳಿಯುತ್ತದೆ. ಕೆಟ್ಟ ಸುದ್ದಿಯನ್ನು ತರಬೇಕಾದದ್ದು ಕೆಟ್ಟುನಿಂತ ಯಂತ್ರವೇ. ಡಿಸ್ಕ್ ಸುಟ್ಟುಹೋದ ಸರ್ವರ್ ತನ್ನ ಡಿಸ್ಕ್ ಸುಟ್ಟಿದೆ ಎಂದು ಬರೆದು ತಿಳಿಸಲಾರದು. ಕ್ರಾನ್ ಪಟ್ಟಿಯಿಂದ ಯಾರೋ ಅಳಿಸಿದ ಸಾಲು ತಾನು ಅಳಿದೆನೆಂದು ಹೇಳಲಾರದು. ಹಾರ್ಟ್‌ಬೀಟ್ ತಪಾಸಣೆ ಈ ಲೆಕ್ಕವನ್ನು ತಿರುವಿಹಾಕುತ್ತದೆ. ಕೆಲಸ ಚೆನ್ನಾಗಿ ಮುಗಿದಾಗಲೆಲ್ಲ ಅದು ಹೊರಗಿನ ಇನ್ನೊಂದು ಯಂತ್ರಕ್ಕೆ ‘ಮುಗಿಯಿತು’ ಎಂಬ ಪುಟ್ಟ ಸಂಕೇತ ಕಳಿಸಬೇಕು. ಹೊರಗಿನ ಯಂತ್ರ ಆ ಸಂಕೇತಕ್ಕಾಗಿ ಕಾದಿರುತ್ತದೆ. ಹೇಳಿದ ಹೊತ್ತಿಗೆ ಬರಲಿಲ್ಲವೋ, ಕಾರಣ ಏನೇ ಇರಲಿ, ನಿಮ್ಮ ಫೋನಿಗೆ ಸೂಚನೆ ಬರುತ್ತದೆ.

ನಮ್ಮ ರೈಲಿನ ಇಂಜಿನ್‌ಗಳಲ್ಲಿ ಇರುವ ಎಚ್ಚರಿಕೆಯ ಸಾಧನವೂ ಇದೇ ತತ್ವದ್ದು. ಲೋಕೋ ಪೈಲಟ್ ಸುಮಾರು ಒಂದು ನಿಮಿಷ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ, ಗುಂಡಿಯನ್ನೂ ಒತ್ತದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಸದ್ದಾಗುತ್ತದೆ, ಅದಕ್ಕೂ ಓಗೊಡದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಪೈಲಟ್‌ಗೆ ಏನಾಯಿತು ಎಂದು ಸಾಧನಕ್ಕೆ ತಿಳಿಯಬೇಕಿಲ್ಲ. ಬರಬೇಕಾದ ಒತ್ತು ಬರಲಿಲ್ಲ ಎಂಬುದಷ್ಟೇ ಸಾಕು.

ಈಗ ಒಂದು ಉದಾಹರಣೆಯನ್ನು ಕೊನೆತನಕ ಕಟ್ಟಿ ನೋಡೋಣ. ಒಂದು ಸಣ್ಣ ಸಹಕಾರ ಸಂಘವಿದೆ ಎಂದುಕೊಳ್ಳಿ. ಸದಸ್ಯರ ಸಾಲ, ಠೇವಣಿ, ಕಂತುಗಳ ಲೆಕ್ಕವೆಲ್ಲ ಒಂದೇ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಅದರ ಹೆಸರು `sangha`. ಬೆಳಗಿನ ಜಾವ ಎರಡೂವರೆಗೆ ಅದರ ನಕಲು ತೆಗೆಯಬೇಕು. ಕೆಲಸಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ.

ಕಾಯುವ ಯಂತ್ರಕ್ಕೆ ನಾವೇ ಇನ್ನೊಂದು ಸರ್ವರ್ ಇಡಬೇಕಿಲ್ಲ. ಇದಕ್ಕೆಂದೇ ಹಲವು ಸೇವೆಗಳಿವೆ. ಹೆಲ್ತ್‌ಚೆಕ್ಸ್ ಎಂಬುದನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ. ಲಾಟ್ವಿಯಾದ ಡೆವಲಪರ್ ಒಬ್ಬರು 2015ರಲ್ಲಿ ಶುರು ಮಾಡಿದ್ದು. ಅದರ ಮೂಲ ಕೋಡ್ ಮುಕ್ತವಾಗಿದೆ, 20 ಕೆಲಸಗಳವರೆಗೆ ಹಣ ಕೊಡದೆ ಬಳಸಬಹುದು. `healthchecks.io` ತಾಣದಲ್ಲಿ ಖಾತೆ ತೆರೆದು ಹೊಸ ತಪಾಸಣೆಯೊಂದನ್ನು ಸೇರಿಸಿದರೆ ಅದಕ್ಕೆಂದೇ ಒಂದು ಉದ್ದನೆಯ ವಿಳಾಸ ಸಿಗುತ್ತದೆ. ಆ ವಿಳಾಸವನ್ನು ಒಮ್ಮೆ ತೆರೆದರೆ ಸಾಕು, ಅದೇ ಸಂಕೇತ. ವಿಳಾಸ ಗೊತ್ತಿರುವ ಯಾರು ಬೇಕಾದರೂ ಸಂಕೇತ ಕಳಿಸಬಹುದಾದ್ದರಿಂದ ಅದನ್ನು ಪಾಸ್‌ವರ್ಡ್‌ನಂತೆಯೇ ಗುಟ್ಟಾಗಿಡಬೇಕು. ನಾಲ್ಕು ಜನ ನೋಡುವ ಕೋಡ್ ಸಂಗ್ರಹದಲ್ಲಿ ಹಾಕಬಾರದು.

ಇನ್ನು ಕ್ರಾನ್ ಪಟ್ಟಿ. `crontab -e` ಎಂದು ಕೊಟ್ಟು ತೆರೆದು ಈ ಒಂದು ಸಾಲು ಸೇರಿಸಬೇಕು:

```
30 2 * * * /usr/local/bin/backup.sh && curl -fsS -m 10 --retry 5 -o /dev/null https://hc-ping.com/your-uuid-here
```

ಸಾಲಿನ ಜೀವ ನಡುವಿನ `&&` ಎಂಬ ಗುರುತಿನಲ್ಲಿದೆ. ಎಡಗಡೆಯ ಕೆಲಸ ಯಶಸ್ವಿಯಾಗಿ ಮುಗಿದರೆ ಮಾತ್ರ ಬಲಗಡೆಯದನ್ನು ಮಾಡು ಎಂದು ಅದರ ಅರ್ಥ. ಅದರ ಜಾಗದಲ್ಲಿ `;` ಹಾಕಿದರೆ ಬ್ಯಾಕಪ್ ಕೆಟ್ಟರೂ ಕೆಡದಿದ್ದರೂ ಸಂಕೇತ ಹೋಗುತ್ತದೆ. ತಪಾಸಣೆಯ ಪುಟ ದಿನವೂ ಹಸಿರಾಗಿ ಕಾಣುತ್ತದೆ, ಬ್ಯಾಕಪ್ ಮಾತ್ರ ಇರುವುದಿಲ್ಲ. ಏನೂ ತಪಾಸಣೆ ಇಲ್ಲದ ಸ್ಥಿತಿಗಿಂತ ಇದು ಕೆಟ್ಟದ್ದು, ಏಕೆಂದರೆ ಈಗ ನೀವು ನೆಮ್ಮದಿಯಿಂದ ನಿದ್ದೆ ಮಾಡುತ್ತಿರುತ್ತೀರಿ.

ಸಂಕೇತ ಕಳಿಸುವ `curl`ಗೆ ಕೊಟ್ಟ ಆಯ್ಕೆಗಳಲ್ಲಿ ಎರಡನ್ನು ಗಮನಿಸಬೇಕು. `-m 10` ಎಂದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಯಬೇಡ. ತಪಾಸಣೆಯ ಸೇವೆಯೇ ನಿಧಾನವಾದರೆ ನಮ್ಮ ಕೆಲಸ ಅದಕ್ಕಾಗಿ ಸಿಕ್ಕಿಕೊಳ್ಳಬಾರದಲ್ಲ. `--retry 5` ಎಂದರೆ ನೆಟ್‌ವರ್ಕ್ ಒಂದು ಕ್ಷಣ ತಪ್ಪಿದರೂ ಐದು ಸಲ ಮತ್ತೆ ಪ್ರಯತ್ನಿಸು. ಇಷ್ಟಾದರೂ ಸಂಕೇತ ಮುಟ್ಟದೆ, ಬ್ಯಾಕಪ್ ಸರಿಯಾಗಿ ಆಗಿದ್ದರೂ ಸೂಚನೆ ಬರಬಹುದು. ಅದು ಸುಳ್ಳು ಸೂಚನೆಯೇ, ಆದರೆ ಒಪ್ಪಬಹುದಾದ ಬಗೆಯದು. ಕೆಟ್ಟರೆ ಸದ್ದಿನ ಕಡೆಗೆ ಕೆಡಲಿ, ಮೌನದ ಕಡೆಗೆ ಬೇಡ.

ಈಗ ಬ್ಯಾಕಪ್ ಮಾಡುವ ಸ್ಕ್ರಿಪ್ಟ್‌ಗೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಮಾನ್ಯವಾಗಿ ಜನ ಬರೆಯುವ ಆಜ್ಞೆ `pg_dump sangha | gzip > file.gz` ಎಂದು. ಡೇಟಾಬೇಸಿನ ನಕಲನ್ನು ಒಂದು ಪ್ರೋಗ್ರಾಮ್ ಉಗುಳುತ್ತದೆ, ಇನ್ನೊಂದು ಅದನ್ನು ಕುಗ್ಗಿಸಿ ಫೈಲಿಗೆ ತುಂಬುತ್ತದೆ. ಪೈಪ್ ಹಾಕಿ ಜೋಡಿಸಿದಾಗ ಕೆಲಸ ಗೆದ್ದಿತೋ ಸೋತಿತೋ ಎಂಬುದನ್ನು ಶೆಲ್ ತೀರ್ಮಾನಿಸುವುದು ಕೊನೆಯ ಪ್ರೋಗ್ರಾಮಿನ ಮಾತಿನಂತೆ. ಗಿಟ್‌ಲ್ಯಾಬ್‌ನಲ್ಲಿ ಆದಂತೆ `pg_dump` ಮೊದಲ ಹೆಜ್ಜೆಯಲ್ಲೇ ನಿಂತುಹೋಯಿತು ಎಂದುಕೊಳ್ಳಿ. `gzip`ಗೆ ಏನೂ ಬರಲಿಲ್ಲ. ಬರದಿದ್ದದ್ದನ್ನೇ ಅದು ಅಚ್ಚುಕಟ್ಟಾಗಿ ಕುಗ್ಗಿಸಿ, 20 ಬೈಟ್‌ನ ಫೈಲೊಂದನ್ನು ಬರೆದು, ನನ್ನ ಕೆಲಸ ಮುಗಿಯಿತು ಎಂದು ಹೇಳುತ್ತದೆ. ಶೆಲ್ ಅದನ್ನು ನಂಬುತ್ತದೆ. `&&` ಅದನ್ನು ನಂಬುತ್ತದೆ. ಸಂಕೇತ ಹೋಗುತ್ತದೆ. ಬ್ಯಾಕಪ್ ಫೋಲ್ಡರಿನಲ್ಲಿ ತಾರೀಖುವಾರು ಫೈಲುಗಳು ಸಾಲಾಗಿ ಕೂತಿರುತ್ತವೆ, ಒಂದೊಂದೂ 20 ಬೈಟ್.

ಇದನ್ನು ತಪ್ಪಿಸಲು ಸ್ಕ್ರಿಪ್ಟ್ ಹೀಗಿರಬೇಕು:

```
#!/bin/bash
set -euo pipefail
F=/backup/sangha-$(date +%F).sql.gz
pg_dump sangha | gzip > "$F"
zcat "$F" | tail -n 10 | grep -q "dump complete"
```

ಎರಡನೇ ಸಾಲಿನ `pipefail` ಎಂಬುದು ಪೈಪಿನಲ್ಲಿ ಯಾರೊಬ್ಬರು ಸೋತರೂ ಇಡೀ ಸಾಲು ಸೋತಂತೆ ಎಂದು ಶೆಲ್‌ಗೆ ಹೇಳುತ್ತದೆ. ಅದೇ ಸಾಲಿನ `e` ಎಂಬ ಅಕ್ಷರ, ಸೋತ ಕೂಡಲೇ ಮುಂದೆ ಹೋಗದೆ ನಿಲ್ಲು ಎನ್ನುತ್ತದೆ. ಕೊನೆಯ ಸಾಲು ನನಗೆ ಬಹಳ ಇಷ್ಟವಾದದ್ದು. `pg_dump` ತನ್ನ ಪಠ್ಯರೂಪದ ನಕಲನ್ನು ಪೂರ್ತಿ ಬರೆದು ಮುಗಿಸಿದಾಗ ಕೊನೆಯಲ್ಲಿ `PostgreSQL database dump complete` ಎಂಬ ಒಂದು ಟಿಪ್ಪಣಿ ಹಾಕುತ್ತದೆ. ಅರ್ಧಕ್ಕೆ ನಿಂತ ಫೈಲಿನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಬರೆದ ಫೈಲನ್ನೇ ಮತ್ತೆ ಬಿಚ್ಚಿ, ಬಾಲದಲ್ಲಿ ಆ ಟಿಪ್ಪಣಿ ಇದೆಯೇ ಎಂದು ಹುಡುಕುತ್ತೇವೆ. ಇದ್ದರೆ ಮಾತ್ರ ಸ್ಕ್ರಿಪ್ಟ್ ಗೆದ್ದಂತೆ. ಡಿಸ್ಕ್ ತುಂಬಿ ಫೈಲು ನಡುವೆಯೇ ತುಂಡಾಗಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಮೈಎಸ್‌ಕ್ಯುಎಲ್ ಬಳಸುವವರು `Dump completed` ಎಂದು ಹುಡುಕಬೇಕು, `mysqldump` ಕೊನೆಯಲ್ಲಿ ಬರೆಯುವುದು ಅದನ್ನು.

ಇಷ್ಟೆಲ್ಲವನ್ನು ಕ್ರಾನ್ ಪಟ್ಟಿಯ ಸಾಲಿನಲ್ಲೇ ಏಕೆ ಬರೆಯಬಾರದು ಎಂದು ಕೇಳಬಹುದು. ಆ ಪಟ್ಟಿಯಲ್ಲಿ `%` ಗುರುತಿಗೆ ಬೇರೆಯದೇ ಅರ್ಥವಿದೆ, ಅಲ್ಲಿಗೆ ಸಾಲು ಮುರಿದಂತೆ. ತಾರೀಖು ಬರೆಸುವ `date +%F` ಅಲ್ಲಿ ಕೆಡುತ್ತದೆ. ಇನ್ನೊಂದು ವಿಷಯ: ನೀವು ಲಾಗಿನ್ ಆಗಿ ಕೈಯಾರೆ ಓಡಿಸಿದಾಗ ಸಿಗುವ ಪ್ರೋಗ್ರಾಮ್‌ಗಳೆಲ್ಲ ಕ್ರಾನ್‌ಗೆ ಸಿಗುವುದಿಲ್ಲ, ಅದು ಹುಡುಕುವುದು ಒಂದೆರಡು ಫೋಲ್ಡರ್‌ಗಳಲ್ಲಿ ಮಾತ್ರ. ಹಗಲು ಕೈಯಲ್ಲಿ ನಡೆದ ಸ್ಕ್ರಿಪ್ಟ್ ರಾತ್ರಿ ನಡೆಯದಿರಲು ಇದೇ ಮಾಮೂಲಿ ಕಾರಣ. ಅನುಮಾನವಿದ್ದರೆ ಪ್ರೋಗ್ರಾಮಿನ ಪೂರ್ತಿ ದಾರಿಯನ್ನೇ ಬರೆಯಿರಿ.

ಸರ್ವರ್ ಕಡೆಯ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಕಾಯುವವನಿಗೆ ಎಷ್ಟು ಹೊತ್ತು ಕಾಯಬೇಕೆಂದು ಹೇಳಬೇಕು. ತಪಾಸಣೆಯ ಪುಟದಲ್ಲಿ ಎರಡು ವಿಷಯ ತುಂಬಬೇಕು: ಕೆಲಸದ ವೇಳಾಪಟ್ಟಿ ಮತ್ತು ಅದರ ಮೇಲೆ ಕೊಡುವ ರಿಯಾಯಿತಿ ಸಮಯ. ವೇಳಾಪಟ್ಟಿಗೆ ಕ್ರಾನ್‌ನ ಅದೇ `30 2 * * *` ಕೊಡಬಹುದು. ರಿಯಾಯಿತಿ ಎಷ್ಟು? ನಮ್ಮ ಬ್ಯಾಕಪ್‌ಗೆ ನಾಲ್ಕೈದು ನಿಮಿಷ ಸಾಕು. ಹಾಗೆಂದು ಐದೇ ನಿಮಿಷ ಕೊಟ್ಟರೆ, ಸರ್ವರ್‌ಗೆ ಸ್ವಲ್ಪ ಕೆಲಸ ಹೆಚ್ಚಿದ ದಿನ ಆರು ನಿಮಿಷವಾಗಿ, ಬೆಳಗಿನ ಜಾವ ಫೋನ್ ಸದ್ದು ಮಾಡುತ್ತದೆ. ಎರಡು ವಾರ ಹೀಗಾದರೆ ಯಾರೂ ಆ ಸದ್ದಿಗೆ ಕಿವಿಗೊಡುವುದಿಲ್ಲ, ನಿಜವಾಗಿ ಕೆಟ್ಟ ದಿನವೂ. ಹನ್ನೆರಡು ಗಂಟೆ ಕೊಟ್ಟರೆ ಸಂಘದ ಬಾಗಿಲು ತೆರೆದು, ಕಂತು ಕಟ್ಟಿಸಿಕೊಂಡು, ಅರ್ಧ ದಿನದ ವ್ಯವಹಾರ ಮುಗಿದ ಮೇಲೆ ತಿಳಿಯುತ್ತದೆ. ನಾನಾದರೆ ಒಂದು ಗಂಟೆ ಕೊಡುತ್ತೇನೆ. ಮೂರೂವರೆಗೆ ಸೂಚನೆ ಬಂದರೆ, ಎದ್ದು ನೋಡುವವರು ಬೆಳಗ್ಗೆ ಆರಕ್ಕೆ ಕಂಡರೂ ಬಾಗಿಲು ತೆರೆಯುವ ಮುನ್ನ ಇನ್ನೊಂದು ಬ್ಯಾಕಪ್ ಕೈಯಾರೆ ತೆಗೆಯಲು ಬೇಕಾದಷ್ಟು ಸಮಯವಿರುತ್ತದೆ. ಸೂಚನೆ ಬಂದಾಗ ಏನಾದರೂ ಮಾಡಲು ಎಷ್ಟು ಹೊತ್ತು ಬೇಕು ಎಂದು ಹಿಂದಕ್ಕೆ ಎಣಿಸಿಯೇ ಈ ಅಂಕಿ ಇಡಬೇಕು.

ವೇಳಾಪಟ್ಟಿಯ ಪಕ್ಕದಲ್ಲೇ ಕಾಲವಲಯದ ಆಯ್ಕೆ ಇದೆ. ಭಾರತದಲ್ಲಿ ಕುಳಿತು ಕೆಲಸ ಮಾಡುವವರನ್ನು ಇದು ತಪ್ಪದೆ ಒಮ್ಮೆ ಕಾಡಿಸುತ್ತದೆ. ಬಾಡಿಗೆ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂಥ ಸರ್ವರ್‌ನಲ್ಲಿ ಎರಡೂವರೆ ಎಂದು ಬರೆದರೆ ಕೆಲಸ ನಡೆಯುವುದು ನಮ್ಮ ಬೆಳಗಿನ ಎಂಟಕ್ಕೆ. ತಪಾಸಣೆಯ ಪುಟದಲ್ಲಿ ಮಾತ್ರ `Asia/Kolkata` ಆರಿಸಿದ್ದರೆ, ದಿನವೂ ಮೂರೂವರೆಗೆ ‘ಸಂಕೇತ ಬರಲಿಲ್ಲ’ ಎಂಬ ಸೂಚನೆ, ಎಂಟಕ್ಕೆ ‘ಈಗ ಸರಿಯಾಯಿತು’ ಎಂಬ ಸೂಚನೆ ಬರುತ್ತವೆ. ನಿಗದಿಯ ಸಮಯಕ್ಕೂ ಸಂಕೇತ ಬಂದ ಸಮಯಕ್ಕೂ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಬೇರೇನೂ ಹುಡುಕಬೇಕಿಲ್ಲ. ನಿಜವಾಗಿ ಜಾವದ ಎರಡೂವರೆಗೇ ನಡೆಯಬೇಕಿದ್ದರೆ ಯುಟಿಸಿ ಸರ್ವರ್‌ನಲ್ಲಿ `0 21 * * *` ಎಂದು, ಅಂದರೆ ಹಿಂದಿನ ರಾತ್ರಿಯ ಒಂಬತ್ತಕ್ಕೆ, ಬರೆಯಬೇಕು. ತಪಾಸಣೆಯಲ್ಲೂ ಅದೇ ಸಾಲು, ಕಾಲವಲಯ ಯುಟಿಸಿ.

ಕೆಲಸ ದೊಡ್ಡದಾಗಿ ಗಂಟೆಗಟ್ಟಲೆ ನಡೆಯುವಂಥದ್ದಾದರೆ ಶುರುವಿನಲ್ಲೂ ಒಂದು ಸಂಕೇತ ಕಳಿಸುವುದು ಒಳ್ಳೆಯದು. ಅದೇ ವಿಳಾಸದ ಕೊನೆಗೆ `/start` ಸೇರಿಸಿದರಾಯಿತು. ಆಗ ಕೆಲಸ ಶುರುವೇ ಆಗಲಿಲ್ಲವೋ, ಶುರುವಾಗಿ ನಡುವೆ ಸಿಕ್ಕಿಕೊಂಡಿದೆಯೋ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಪ್ರತಿ ಸಲ ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕವೂ ಉಳಿಯುತ್ತದೆ. ಐದು ನಿಮಿಷದ ಕೆಲಸ ತಿಂಗಳು ತಿಂಗಳಿಗೆ ಎಂಟು, ಹನ್ನೆರಡು ಎಂದು ಬೆಳೆಯುತ್ತಿರುವುದನ್ನು ಮುಂಚೆಯೇ ನೋಡಬಹುದು.

ಸೂಚನೆ ಯಾರಿಗೆ, ಯಾವ ದಾರಿಯಲ್ಲಿ ಬರಬೇಕು? ಗಿಟ್‌ಲ್ಯಾಬ್‌ನ ಪಾಠ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಇಮೇಲ್ ಒಂದನ್ನೇ ನೆಚ್ಚಬಾರದು. ಟೆಲಿಗ್ರಾಮ್ ಗುಂಪೊಂದನ್ನು ಜೋಡಿಸಿ, ಅದರಲ್ಲಿ ಕನಿಷ್ಠ ಇಬ್ಬರನ್ನು ಸೇರಿಸಿ. ಸರ್ವರ್ ನೋಡಿಕೊಳ್ಳುವವರು ಊರಿಗೆ ಹೋಗಿದ್ದಾಗ ಸಂಘದ ಕಾರ್ಯದರ್ಶಿಗಾದರೂ ತಿಳಿಯಬೇಕು. ಅವರಿಗೆ ರಿಪೇರಿ ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲ, ಗೊತ್ತಿರುವವರಿಗೆ ಫೋನ್ ಮಾಡಲು ಗೊತ್ತಿದ್ದರೆ ಸಾಕು. ತಪಾಸಣೆಯ ಪ್ರೋಗ್ರಾಮನ್ನು ನಿಮ್ಮದೇ ಯಂತ್ರದಲ್ಲಿ ಹಾಕಿಕೊಳ್ಳುವ ಆಸೆ ಇದ್ದರೆ ಹಾಕಿಕೊಳ್ಳಬಹುದು, ಆದರೆ ಬ್ಯಾಕಪ್ ನಡೆಯುವ ಸರ್ವರ್‌ನಲ್ಲಿ ಖಂಡಿತ ಬೇಡ. ಅದು ಕೆಟ್ಟ ದಿನ ಎರಡೂ ಒಟ್ಟಿಗೇ ಸುಮ್ಮನಾಗುತ್ತವೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಪುಟ ಹಸಿರಾಗಿ ಕಂಡರೆ ಒಳ್ಳೆಯ ದಿನ ಸಂಕೇತ ಹೋಗುತ್ತದೆ ಎಂದಷ್ಟೇ ಗೊತ್ತಾಯಿತು. ನಮಗೆ ಬೇಕಾದದ್ದು ಕೆಟ್ಟ ದಿನ ಫೋನ್ ಸದ್ದು ಮಾಡುತ್ತದೆಯೇ ಎಂಬುದು. ಒಂದು ರಾತ್ರಿ ಕ್ರಾನ್ ಪಟ್ಟಿಯ ಆ ಸಾಲಿನ ಮುಂದೆ `#` ಹಾಕಿ ನಿಷ್ಕ್ರಿಯಗೊಳಿಸಿ. ಮೂರೂವರೆಗೆ ಇಬ್ಬರ ಫೋನಿಗೂ ಸೂಚನೆ ಬರಬೇಕು. ಬಂದರೆ ಸಾಲನ್ನು ಮತ್ತೆ ಸರಿಮಾಡಿ. ಆಮೇಲೆ ಸ್ಕ್ರಿಪ್ಟ್‌ನಲ್ಲಿ ಡೇಟಾಬೇಸಿನ ಹೆಸರನ್ನು ಬೇಕೆಂದೇ ತಪ್ಪಾಗಿ `sangh` ಎಂದು ಬರೆದು ಇನ್ನೊಂದು ರಾತ್ರಿ ಬಿಡಿ. ಕೆಲಸ ಓಡದಿರುವುದು ಒಂದು, ಓಡಿ ಸೋಲುವುದು ಇನ್ನೊಂದು. ಎರಡಕ್ಕೂ ಸೂಚನೆ ಬಂದರೆ ಮಾತ್ರ ವ್ಯವಸ್ಥೆ ಪೂರ್ತಿಯಾದಂತೆ. ಎರಡನೆಯದಕ್ಕೆ ಬರದಿದ್ದರೆ, ಹೆಚ್ಚಾಗಿ `pipefail` ಮತ್ತು ಟಿಪ್ಪಣಿ ಹುಡುಕುವ ಕೊನೆಯ ಸಾಲು ಎರಡೂ ಬಿಟ್ಟುಹೋಗಿರುತ್ತವೆ ಅಥವಾ `&&` ಜಾಗದಲ್ಲಿ `;` ಇರುತ್ತದೆ.

ನಿಜವಾದ ಸೂಚನೆ ಒಂದು ದಿನ ಬಂದೇ ಬರುತ್ತದೆ. ಆಗ ಎಲ್ಲಿಂದ ಹುಡುಕಬೇಕು? ಸರ್ವರ್‌ಗೆ ಲಾಗಿನ್ ಆಗಲು ಸಾಧ್ಯವೇ ಎಂಬುದು ಮೊದಲ ಪ್ರಶ್ನೆ. ಆಗದಿದ್ದರೆ ತೊಂದರೆ ಬ್ಯಾಕಪ್‌ಗಿಂತ ದೊಡ್ಡದು. ಲಾಗಿನ್ ಆದರೆ ಉಬುಂಟುವಿನಲ್ಲಿ `journalctl -u cron` ಎಂದು ಕೊಟ್ಟು ಎರಡೂವರೆಯ ಸುತ್ತಲಿನ ಸಾಲುಗಳನ್ನು ನೋಡಿ. ಅಲ್ಲಿ `CMD` ಎಂದು ಶುರುವಾಗಿ ನಮ್ಮ ಸ್ಕ್ರಿಪ್ಟ್‌ನ ಹೆಸರಿದ್ದರೆ ಕ್ರಾನ್ ತನ್ನ ಪಾಲಿನ ಕೆಲಸ ಮಾಡಿದೆ, ಸೋತಿರುವುದು ಸ್ಕ್ರಿಪ್ಟ್. ಅದನ್ನು ಅದೇ ಬಳಕೆದಾರರ ಹೆಸರಿನಲ್ಲಿ ಕೈಯಾರೆ ಓಡಿಸಿ, `df -h` ಕೊಟ್ಟು ಡಿಸ್ಕ್‌ನಲ್ಲಿ ಜಾಗವಿದೆಯೇ ನೋಡಿ. ಹಳೆಯ ಬ್ಯಾಕಪ್‌ಗಳನ್ನು ಅಳಿಸುವವರಿಲ್ಲದೆ ಡಿಸ್ಕ್ ತುಂಬುವುದು ತೀರಾ ಸಾಮಾನ್ಯ. `CMD` ಸಾಲೇ ಇಲ್ಲದಿದ್ದರೆ ಕ್ರಾನ್ ಕೆಲಸವನ್ನು ಶುರು ಮಾಡಿಯೇ ಇಲ್ಲ. ಯಂತ್ರ ಆಗ ಆರಿತ್ತೇ ಎಂದು `uptime` ಹೇಳುತ್ತದೆ, ಸಾಲು ಪಟ್ಟಿಯಲ್ಲಿದೆಯೇ ಎಂದು `crontab -l` ತೋರಿಸುತ್ತದೆ. ಯಾರಿಗೂ ತಟ್ಟನೆ ಹೊಳೆಯದ ಇನ್ನೊಂದು ಕಾರಣವುಂಟು: ಆ ಬಳಕೆದಾರರ ಪಾಸ್‌ವರ್ಡ್‌ನ ಅವಧಿ ಮುಗಿದಿದ್ದರೆ ಕ್ರಾನ್ ಅವರ ಹೆಸರಿನ ಕೆಲಸಗಳನ್ನು ನಿರಾಕರಿಸುತ್ತದೆ. ಲಾಗ್‌ನಲ್ಲಿ `Authentication token is no longer valid` ಎಂದು ಕಂಡರೆ ಅದೇ.

ಈ ಏರ್ಪಾಡಿಗೊಂದು ಮಿತಿ ಇದೆ, ಅದನ್ನು ಮರೆಯುವಂತಿಲ್ಲ. ಸಂಕೇತ ಹೇಳುವುದು ನಾವು ಸ್ಕ್ರಿಪ್ಟ್‌ನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ಮಾತ್ರ. ನಕಲು ಪೂರ್ತಿ ಬರೆದಾಗಿದೆ ಎಂದು ಕೇಳಿದೆವು, ಹೌದು ಎಂದಿತು. ಅದರಿಂದ ಡೇಟಾಬೇಸನ್ನು ಮತ್ತೆ ಕಟ್ಟಲು ಬರುತ್ತದೆಯೇ ಎಂದು ಕೇಳಲಿಲ್ಲ. ಅದಕ್ಕೆ ಇನ್ನೊಂದು ಕ್ರಾನ್ ಕೆಲಸ ಬೇಕು. ತಿಂಗಳ ಮೊದಲ ತಾರೀಖು, ಬೇರೊಂದು ಯಂತ್ರದಲ್ಲಿ, ಹಿಂದಿನ ರಾತ್ರಿಯ ಫೈಲನ್ನು ಖಾಲಿ ಡೇಟಾಬೇಸೊಂದಕ್ಕೆ ತುಂಬಿ, ಸದಸ್ಯರ ಪಟ್ಟಿಯಲ್ಲಿ ಎಷ್ಟು ಹೆಸರಿವೆ, ಕೊನೆಯ ಕಂತಿನ ತಾರೀಖು ಯಾವುದು ಎಂದು ಎಣಿಸಿ, ಕೊನೆಯ ತಾರೀಖು ನಿನ್ನೆಯದೋ ಮೊನ್ನೆಯದೋ ಆಗಿದ್ದರೆ ಮಾತ್ರ ಗೆದ್ದೆ ಎನ್ನುವ ಸ್ಕ್ರಿಪ್ಟ್. ಅದಕ್ಕೂ ಅದರದೇ ಒಂದು ತಪಾಸಣೆಯ ವಿಳಾಸ ಇರಲಿ, ರಿಯಾಯಿತಿ ಒಂದು ದಿನ. ದಿನಕ್ಕೊಮ್ಮೆಯ ಕೆಲಸ ತಪ್ಪಿದರೆ ಒಂದು ವಾರದೊಳಗೆ ಯಾರಾದರೂ ಆಕಸ್ಮಿಕವಾಗಿ ಕಂಡಾರು. ತಿಂಗಳಿಗೊಮ್ಮೆಯದು ತಪ್ಪಿದರೆ ಅದನ್ನು ನೆನಪಿಡುವವರೇ ಇರುವುದಿಲ್ಲ. ಆದ್ದರಿಂದ ಎರಡರಲ್ಲಿ ಯಾವುದಕ್ಕೆ ಮೊದಲು ತಪಾಸಣೆ ಹಾಕಲಿ ಎಂದು ಯಾರಾದರೂ ಕೇಳಿದರೆ, ತಿಂಗಳಿನದಕ್ಕೆ ಎನ್ನುತ್ತೇನೆ.